ಹಳೇ ಫೋನಿಂದ ಹೊಸ ಫೋನಿಗೆ: 42 ಜಿಬಿ ಸಾಗಿದ ದಾರಿ

ಕಳೆದ ತಿಂಗಳು ಒಂದು ಭಾನುವಾರ ತುಮಕೂರಿನ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಹೊಸ ಫೋನ್ ತಗೊಂಡಿದ್ದರು. ಹಳೇ ಫೋನಿನಲ್ಲಿರುವುದನ್ನೆಲ್ಲ ಹೊಸದಕ್ಕೆ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ತಿಂಡಿ ಮುಗಿಸಿ ಕೂತೆ. ಎರಡೂ ಫೋನನ್ನು ಮನೆಯ ವೈಫೈಗೆ ಸೇರಿಸಿ, ಡೇಟಾ ಸಾಗಿಸುವ ಆ್ಯಪ್ ಹಾಕಿ, ಶುರು ಮಾಡಿದೆ. ಪರದೆ ಮೇಲೆ ಬಂದದ್ದು: ಬಾಕಿ ಸಮಯ 4 ಗಂಟೆ 40 ನಿಮಿಷ.

"ಏನಪ್ಪಾ, ಸಂಜೆವರೆಗೂ ಇದೇ ಆಗುತ್ತಲ್ಲ?" ಅಂದರು ಅತ್ತಿಗೆ. "ಹೊಸ ಫೋನು ಫಾಸ್ಟ್ ಅಂತ ಅಂಗಡಿಯವನು ಹೇಳಿದ್ದ."

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಹೊಸ ಫೋನ್ ನಿಜವಾಗಿಯೂ ಫಾಸ್ಟಾಗಿತ್ತು. ಆದರೆ ಡೇಟಾ ಸಾಗಿಸುವಾಗ ಕೆಲಸ ಮಾಡುವುದು ಹೊಸ ಫೋನ್ ಒಂದೇ ಅಲ್ಲ. ಹಳೇ ಫೋನಿನ ಸ್ಟೋರೇಜ್ ಓದಬೇಕು, ಅದರ ಪೋರ್ಟ್ ಹೊರಗೆ ಕಳಿಸಬೇಕು, ಕೇಬಲ್ ಹೊರಬೇಕು, ಹೊಸ ಫೋನಿನ ಪೋರ್ಟ್ ಒಳಗೆ ತಗೋಬೇಕು, ಅದರ ಸ್ಟೋರೇಜ್ ಬರೆದಿಟ್ಟುಕೊಳ್ಳಬೇಕು. ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಉಳಿದವೆಲ್ಲ ಅದಕ್ಕಾಗಿ ಕಾಯುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಎರಡು ಫೋನುಗಳ ನಡುವೆ ಸಿಕ್ಕಿಹಾಕಿಕೊಳ್ಳುವ ಜಾಗ ಯಾವುದು? ಅವತ್ತು ಒಂದೊಂದಾಗಿ ಹುಡುಕಿದೆ. ಹುಡುಕಿದ ಹಾಗೆಯೇ ಹೇಳುತ್ತೇನೆ.

ಮೊದಲು ಸರಕಿನ ಲೆಕ್ಕ. ಸಾಗಿಸಬೇಕಾದದ್ದು ಒಟ್ಟು 42 ಜಿಬಿ. ಅದರಲ್ಲಿ ವಿಡಿಯೋ 22 ಜಿಬಿ, ಸುಮಾರು 300 ಫೈಲು. ಕ್ಯಾಮೆರಾ ಫೋಟೋ 12 ಜಿಬಿ, ಸುಮಾರು 3,500 ಫೈಲು. ಉಳಿದ 8 ಜಿಬಿ ವಾಟ್ಸಾಪ್. ಅದರಲ್ಲಿ ಮಾತ್ರ ಹತ್ತಿರ ಹತ್ತಿರ 26,000 ಫೈಲು! ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ಫೋನಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಕಡಿಮೆ ಬೆಲೆಯ ಹಳೇ ಫೋನುಗಳಲ್ಲಿ ಅದಕ್ಕಿಂತ ವೇಗದ 5 ಗಿಗಾಹರ್ಟ್ಸ್ ಹೆಚ್ಚಾಗಿ ಇರುತ್ತಿರಲಿಲ್ಲ. ಇಂಥ ಫೋನು ರೂಟರ್ ಜೊತೆ ಮಾತಾಡುವ ವೇಗ ಕಾಗದದ ಮೇಲೆ ಸೆಕೆಂಡಿಗೆ 72 ಮೆಗಾಬಿಟ್. ಕೈಗೆ ಸಿಗುವುದು 40ರ ಆಸುಪಾಸು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ವೈಫೈ, ಪೋರ್ಟ್, ಕೇಬಲ್‌ಗಳ ವೇಗವನ್ನು ಬಿಟ್‌ಗಳಲ್ಲಿ ಬರೆಯುತ್ತಾರೆ. ಫೈಲ್ ಎಷ್ಟು ದೊಡ್ಡದು ಅನ್ನುವುದನ್ನು ಬೈಟ್‌ಗಳಲ್ಲಿ ಬರೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 40 ಮೆಗಾಬಿಟ್ ಅಂದರೆ ಸೆಕೆಂಡಿಗೆ ಬರೀ 5 ಎಂಬಿ.

ಅದೂ ಪೂರ್ತಿ ಸಿಗಲಿಲ್ಲ. ಯಾಕೆಂದರೆ ಎರಡೂ ಫೋನು ಒಂದೇ ರೂಟರಿಗೆ, ಒಂದೇ ಚಾನೆಲ್‌ನಲ್ಲಿ ಸೇರಿದ್ದವು. ಹಳೇ ಫೋನು ಫೋಟೋವನ್ನು ಮೊದಲು ರೂಟರಿಗೆ ಕಳಿಸುತ್ತದೆ, ರೂಟರ್ ಅದನ್ನೇ ಹೊಸ ಫೋನಿಗೆ ಕಳಿಸುತ್ತದೆ. ಪ್ರತಿ ಫೋಟೋ ಅದೇ ಗಾಳಿಯಲ್ಲಿ ಎರಡು ಸಲ ಹಾದುಹೋಗುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಹಾಗಾಗಿ 5 ಎಂಬಿ ಅರ್ಧವಾಗಿ 2.5 ಎಂಬಿಗೆ ಇಳಿಯಿತು. 42,000 ಎಂಬಿಯನ್ನು 2.5ರಿಂದ ಭಾಗಿಸಿ ನೋಡಿ: 16,800 ಸೆಕೆಂಡು. ಸರಿಯಾಗಿ 4 ಗಂಟೆ 40 ನಿಮಿಷ. ಪರದೆ ಸರಿಯಾಗಿಯೇ ಹೇಳಿತ್ತು.

ಅದನ್ನು ನಿಲ್ಲಿಸಿದೆ. ಕೇಬಲ್ ಹುಡುಕಿದೆ.

ಹಳೇ ಫೋನಿನದು ಮೈಕ್ರೋ ಯುಎಸ್‌ಬಿ ಪೋರ್ಟ್, ಹೊಸದರದು ಟೈಪ್ ಸಿ. ಹಳೇ ಚಾರ್ಜರಿನ ಕೇಬಲ್ಲನ್ನೇ ತಗೊಂಡು, ಅದರ ದೊಡ್ಡ ತುದಿಗೆ ಟೈಪ್ ಸಿ ಒಟಿಜಿ ಅಡಾಪ್ಟರ್ ಸಿಕ್ಕಿಸಿ ಹೊಸ ಫೋನಿಗೆ ಹಾಕಿದೆ. ಮೊದಲು ಹಾಕಿದ ಕೇಬಲ್‌ನಲ್ಲಿ ಹಳೇ ಫೋನು ಚಾರ್ಜ್ ಆಗತೊಡಗಿತೇ ಹೊರತು ಬೇರೆ ಏನೂ ಕಾಣಲಿಲ್ಲ. ಕೆಲವು ಅಗ್ಗದ ಕೇಬಲ್‌ಗಳ ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿಗಳೇ ಇರುವುದಿಲ್ಲ. ಚಾರ್ಜ್ ಆಗಿಯೂ ಫೋನ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಎರಡನೇ ಕೇಬಲ್ ಹಾಕಿ, ಹಳೇ ಫೋನಿನ ನೋಟಿಫಿಕೇಶನ್‌ನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿದ ಮೇಲೆ ಹೊಸ ಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಹಳೇ ಫೋನು ಒಂದು ಪೆನ್‌ಡ್ರೈವ್ ಹಾಗೆ ಕಾಣಿಸಿಕೊಂಡಿತು.

ಇಲ್ಲಿಗೆ ಬಂದದ್ದು ಪೋರ್ಟಿನ ವಿಷಯ. ತುಂಬಾ ಜನ ಎಡವುವ ಜಾಗವೂ ಇದೇ. ಟೈಪ್ ಸಿ ಅನ್ನುವುದು ತೂತಿನ ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದ ಒಳಗೆ 2000ನೇ ಇಸವಿಯ ಯುಎಸ್‌ಬಿ 2.0 ಕೂಡ ಇರಬಹುದು, ಅದರ ಹತ್ತಿಪ್ಪತ್ತು ಪಟ್ಟು ವೇಗದ ಯುಎಸ್‌ಬಿ 3.2 ಕೂಡ ಇರಬಹುದು. ಯುಎಸ್‌ಬಿ 2.0ರ ವೇಗ ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ. ನಿಜವಾಗಿ ಸಿಗುವುದು 30ರಿಂದ 40 ಎಂಬಿ. ಯುಎಸ್‌ಬಿ 3.2ರ ಮೊದಲ ದರ್ಜೆಗೆ 5 ಗಿಗಾಬಿಟ್, ಎರಡನೆಯದಕ್ಕೆ 10 ಗಿಗಾಬಿಟ್. ಮೊದಲ ದರ್ಜೆಯಲ್ಲೇ ಸೆಕೆಂಡಿಗೆ 300 ಎಂಬಿ ದಾಟಬಹುದು.

ಇದಕ್ಕೆ ಒಳ್ಳೇ ಉದಾಹರಣೆ 2023ರಲ್ಲಿ ಬಂದ ಐಫೋನ್ 15. ಆ ವರ್ಷ ಆಪಲ್ ಲೈಟ್ನಿಂಗ್ ಬಿಟ್ಟು ಟೈಪ್ ಸಿಗೆ ಬಂತು. ಆದರೆ ಐಫೋನ್ 15 ಮತ್ತು 15 ಪ್ಲಸ್‌ನ ಪೋರ್ಟು ಯುಎಸ್‌ಬಿ 2.0 ವೇಗದ್ದೇ. ಹಳೇ ಲೈಟ್ನಿಂಗ್ ಎಷ್ಟೋ ಅಷ್ಟೇ. 15 ಪ್ರೋಗೆ ಮಾತ್ರ 10 ಗಿಗಾಬಿಟ್ ಕೊಟ್ಟರು. ಅದರ ಪೆಟ್ಟಿಗೆಯಲ್ಲಿ ಬರುವ ಕೇಬಲ್ ಮತ್ತೆ ಯುಎಸ್‌ಬಿ 2.0! ಆಂಡ್ರಾಯ್ಡ್‌ನಲ್ಲೂ ಅಷ್ಟೇ. ಸ್ಯಾಮ್‌ಸಂಗ್‌ನ ದುಬಾರಿ ಎಸ್ ಸರಣಿಯಲ್ಲಿ ಯುಎಸ್‌ಬಿ 3.2 ಇರುತ್ತದೆ, ಕಡಿಮೆ ಬೆಲೆಯ ಫೋನುಗಳಲ್ಲಿ ಬಹುಪಾಲು 2.0. ಹೊರಗಿನಿಂದ ನೋಡಿದರೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಕೇಬಲ್ಲಿನ ಕಥೆಯೂ ಇದೇ. ಟೈಪ್ ಸಿ ಪೋರ್ಟಿನಲ್ಲಿ 24 ಪಿನ್ ಇರುತ್ತವೆ. ಹೆಚ್ಚಿನ ವೇಗಕ್ಕೆ ಬೇಕಾದ ತಂತಿಗಳು ಬೇರೆಯೇ. ಚಾರ್ಜರ್ ಜೊತೆ ಬರುವ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಆ ತಂತಿಗಳನ್ನು ಹಾಕಿರುವುದೇ ಇಲ್ಲ. 65 ವ್ಯಾಟಿನಲ್ಲಿ ಚಾರ್ಜ್ ಮಾಡುವ ದಪ್ಪ ಕೇಬಲ್ ಡೇಟಾದಲ್ಲಿ 2.0 ವೇಗದ್ದಾಗಿರಬಹುದು. ಎರಡು ಒಳ್ಳೇ ಫೋನುಗಳ ನಡುವೆ ಅಂಥ ಕೇಬಲ್ ಹಾಕಿದರೆ ಸೆಕೆಂಡಿಗೆ 300 ಎಂಬಿ ಸಾಗಬೇಕಾದದ್ದು 35ಕ್ಕೆ ಇಳಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ನಿಧಾನವಾಗುತ್ತದೆ ಅಷ್ಟೇ.

ಅತ್ತಿಗೆಯ ವಿಷಯದಲ್ಲಿ ಹಳೇದು ಮೈಕ್ರೋ ಯುಎಸ್‌ಬಿ, ಅಂದರೆ 2.0. ಹೊಸದು ಟೈಪ್ ಸಿ, ಆದರೆ ವಿವರಗಳ ಪಟ್ಟಿಯಲ್ಲಿ ನೋಡಿದರೆ ಅದೂ 2.0. ಅವರು ಲಕ್ಷ ರೂಪಾಯಿಯ ಫೋನ್ ತಂದಿದ್ದರೂ ಈ ಕೇಬಲ್ಲಿನಲ್ಲಿ ಒಂದು ಎಂಬಿ ಜಾಸ್ತಿ ಬರುತ್ತಿರಲಿಲ್ಲ. ಎರಡರಲ್ಲಿ ಹಳೇ ಪೋರ್ಟ್ ಎಷ್ಟು ಕೊಡುತ್ತದೋ ಅಷ್ಟೇ.

ಆದರೂ ಸೆಕೆಂಡಿಗೆ 2.5 ಎಂಬಿ ಎಲ್ಲಿ, 30 ಎಂಬಿ ಎಲ್ಲಿ! 22 ಜಿಬಿ ವಿಡಿಯೋಗೆ 12 ನಿಮಿಷ ಆಗಬೇಕು ಅಂತ ಲೆಕ್ಕ ಹಾಕಿ ಗಡಿಯಾರ ನೋಡುತ್ತಾ ಕೂತೆ. 12 ನಿಮಿಷ ದಾಟಿ ಸ್ವಲ್ಪ ಹೊತ್ತಿಗೆ ಮುಗಿಯಿತು. ಫೋಟೋಗೆ 7 ನಿಮಿಷ ಅಂದುಕೊಂಡಿದ್ದೆ, 10 ನಿಮಿಷ ಹಿಡಿಯಿತು. ವಾಟ್ಸಾಪ್ 8 ಜಿಬಿ ಅಲ್ವಾ, ನಾಲ್ಕೂವರೆ ನಿಮಿಷ ಸಾಕು ಅಂದುಕೊಂಡೆ. ಅದು ತಗೊಂಡದ್ದು 27 ನಿಮಿಷ.

ಎಲ್ಲಕ್ಕಿಂತ ಹಗುರವಾದ ಗಂಟು ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿತು. ಯಾಕೆ?

ರೇಷನ್ ಅಂಗಡಿ ನೆನಪು ಮಾಡಿಕೊಳ್ಳಿ. 50 ಕೆಜಿ ಅಕ್ಕಿಯನ್ನು ಒಂದೇ ಮೂಟೆಯಾಗಿ ಎತ್ತಿಕೊಟ್ಟರೆ ಒಂದು ಸಲ ಹೆಬ್ಬೆಟ್ಟು ಒತ್ತಿ ಮನೆಗೆ ಬರಬಹುದು. ಅದೇ 50 ಕೆಜಿಯನ್ನು 50 ಜನಕ್ಕೆ ಒಂದೊಂದು ಕೆಜಿ ಹಂಚಬೇಕಾದರೆ? ತೂಗುವುದಕ್ಕಿಂತ ಕಾರ್ಡ್ ನೋಡಿ, ಹೆಬ್ಬೆಟ್ಟು ಒತ್ತಿಸಿ, ರಸೀದಿ ಕೊಡುವುದರಲ್ಲೇ ಮಧ್ಯಾಹ್ನವಾಗುತ್ತದೆ. ಫೈಲ್‌ಗಳಿಗೂ ಇಂಥ ಹೆಬ್ಬೆಟ್ಟಿನ ಕೆಲಸ ಇದೆ. ಪ್ರತಿ ಫೈಲಿಗೂ ಹೊಸ ಫೋನು ಕೇಳಬೇಕು: ಇದರ ಹೆಸರೇನು, ಎಷ್ಟು ದೊಡ್ಡದು, ಯಾವ ತಾರೀಕಿನದು? ಹಳೇ ಫೋನು ಹುಡುಕಿ ಹೇಳಬೇಕು. ಆಮೇಲೆ ಫೈಲ್ ಬರಬೇಕು, ಬರೆಯಬೇಕು, ಮುಚ್ಚಬೇಕು, ಗ್ಯಾಲರಿಯ ಪಟ್ಟಿಗೆ ಸೇರಿಸಬೇಕು. ಎರಡು ಫೋನುಗಳು ಹೀಗೆ ಮಾತಾಡಿಕೊಳ್ಳಲು ಬಳಸುವ ಪದ್ಧತಿಗೆ ಎಂಟಿಪಿ ಅಂತ ಹೆಸರು. ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ.

ನಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. ವಾಟ್ಸಾಪ್‌ಗೆ ತೂಕದ ಪ್ರಕಾರ ನಾಲ್ಕೂವರೆ ನಿಮಿಷ ಬೇಕಿತ್ತು, 27 ಆಯಿತು. ಹೆಚ್ಚುವರಿ ಇಪ್ಪತ್ತೆರಡೂವರೆ ನಿಮಿಷ, ಅಂದರೆ 1,350 ಸೆಕೆಂಡು. 26,000 ಫೈಲಿಗೆ ಹಂಚಿದರೆ ತಲಾ ಸುಮಾರು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಫೋಟೋಗಳ ಹೆಚ್ಚುವರಿ 3 ನಿಮಿಷವನ್ನು 3,500 ಫೈಲಿಗೆ ಹಂಚಿದರೂ ಅಷ್ಟೇ ಬರುತ್ತದೆ. ಕಣ್ಣು ಮಿಟುಕಿಸುವಷ್ಟೂ ಅಲ್ಲದ ಈ ಹೊತ್ತು 26,000 ಸಲ ಸೇರಿದರೆ ಒಂದು ಹದ ಅಡುಗೆ ಆಗುವಷ್ಟಾಯಿತು.

ಸ್ಟೋರೇಜಿನ ವೇಗ ಕೈ ಹಾಕುವುದು ಇಲ್ಲೇ. ಹಳೇ ಫೋನುಗಳಲ್ಲಿ, ಈಗಲೂ ತೀರಾ ಅಗ್ಗದ ಫೋನುಗಳಲ್ಲಿ ಇರುವುದು ಇಎಂಎಂಸಿ ಅನ್ನುವ ಬಗೆಯ ಸ್ಟೋರೇಜ್. ಅದಕ್ಕಿಂತ ಮೇಲಿನದು ಯುಎಫ್‌ಎಸ್. ಒಂದು ದೊಡ್ಡ ವಿಡಿಯೋವನ್ನು ಸರಾಗವಾಗಿ ಓದುವಾಗ ಇಎಂಎಂಸಿ ಕೂಡ ಸೆಕೆಂಡಿಗೆ 200 ಎಂಬಿಯ ಆಸುಪಾಸಿನಲ್ಲಿ ಓದಬಲ್ಲದು. 30 ಎಂಬಿಯ ಪೋರ್ಟಿಗೆ ಅದು ಧಾರಾಳ. ಹಾಗಾಗಿ ವಿಡಿಯೋ ಸಾಗಿಸುವಾಗ ಅದರ ದೌರ್ಬಲ್ಯ ಗೊತ್ತೇ ಆಗುವುದಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಇರುವ ಸಾವಿರಾರು ಚಿಕ್ಕ ಫೈಲ್‌ಗಳನ್ನು ಹುಡುಕಿ ಹುಡುಕಿ ಓದು ಅಂದರೆ ಅದು ಬಳಲುತ್ತದೆ. ಇಎಂಎಂಸಿ ಒಂದು ಹೊತ್ತಿಗೆ ಓದಬೇಕು ಇಲ್ಲವೇ ಬರೆಯಬೇಕು. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಯುಎಫ್‌ಎಸ್‌ಗೆ ಹೋಗಲು ಒಂದು, ಬರಲು ಒಂದು ದಾರಿ ಇದೆ. ಬಂದ ಕೆಲಸಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದು ಮೊದಲು ಮಾಡಿದರೆ ಅನುಕೂಲವೋ ಹಾಗೆ ಮಾಡುತ್ತದೆ.

ಇದರಿಂದ ಒಂದು ಉಪಯೋಗದ ವಿಷಯ ಹೊರಡುತ್ತದೆ. ಫೋನ್ ಬದಲಿಸುವ ಮುಂಚೆ ಜಾಗ ಖಾಲಿ ಮಾಡೋಣ ಅಂತ ಎಲ್ಲರೂ ಮೊದಲು ದೊಡ್ಡ ವಿಡಿಯೋಗಳನ್ನು ಅಳಿಸುತ್ತಾರೆ. 1 ಜಿಬಿಯ ಮದುವೆ ವಿಡಿಯೋ ಅಳಿಸಿದರೆ ಉಳಿಯುವುದು ಅರ್ಧ ನಿಮಿಷ. ಅದರ ಬದಲು 100 ಕೆಬಿಯ ‘ಶುಭೋದಯ’ ಚಿತ್ರಗಳನ್ನು 10,000 ಅಳಿಸಿದರೆ? ತೂಕ ಅದೇ 1 ಜಿಬಿ. ಆದರೆ ಉಳಿಯುವ ಹೊತ್ತು 8 ನಿಮಿಷದ ಮೇಲೆ. ಅತ್ತಿಗೆಯ ಫೋನಿನಲ್ಲಿ ಇವೆಲ್ಲ ಇದ್ದದ್ದು ಈ ದಾರಿಯಲ್ಲಿ:

```
Android/media/com.whatsapp/WhatsApp/Media
```

ಅದರ ಒಳಗೆ ಚಿತ್ರಗಳ ಫೋಲ್ಡರ್, ಸ್ಟಿಕ್ಕರ್‌ಗಳ ಫೋಲ್ಡರ್, ಧ್ವನಿ ಸಂದೇಶಗಳ ಫೋಲ್ಡರ್. ಸ್ಟಿಕ್ಕರ್ ಒಂದೊಂದೂ ಕೆಲವೇ ಹತ್ತು ಕೆಬಿ, ಸಂಖ್ಯೆ ಮಾತ್ರ ಸಾವಿರಗಟ್ಟಲೆ. ನಾನು ಅಳಿಸಲು ಕೈ ಹಾಕುವಾಗ ಅತ್ತಿಗೆ ಪಕ್ಕಕ್ಕೆ ಬಂದು ಕೂತರು. "ಬೇರೆ ಏನು ಬೇಕಾದರೂ ತೆಗಿ. ಅಪ್ಪನ ವಾಯ್ಸ್ ಮೆಸೇಜ್ ಮಾತ್ರ ಹೋಗಬಾರದು ನೋಡು" ಅಂದರು. ಅವರ ತಂದೆ ತೀರಿಕೊಂಡು ಎರಡು ವರ್ಷವಾಗಿದೆ. ನಾನು ಕೈ ಹಿಂದಕ್ಕೆ ತಗೊಂಡೆ. 26,000 ಫೈಲಿನಲ್ಲಿ ಯಾವುದು ಯಾವುದು ಅಂತ ಗೊತ್ತಾಗದೆ ಅವಸರದಲ್ಲಿ ಅಳಿಸುವುದಕ್ಕಿಂತ 27 ನಿಮಿಷ ಕಾಯುವುದೇ ಸರಿ ಅನ್ನಿಸಿತು. ನಿಮಗೆ ಬೇಡದ್ದನ್ನು ಅಳಿಸಲೇಬೇಕು ಅಂತಿದ್ದರೆ ವಾಟ್ಸಾಪ್ ಒಳಗೇ, ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ, ಯಾವ ಗುಂಪಿನಿಂದ ಏನು ಬಂದಿದೆ ಅಂತ ನೋಡಿ ಅಳಿಸಿ. ಅದಕ್ಕೆ ಫೋನ್ ಬದಲಿಸುವ ದಿನ ಬೇಡ, ಒಂದು ವಾರ ಮುಂಚೆಯೇ ಮಾಡಿ.

ಎಲ್ಲ ಫೈಲ್‌ಗಳನ್ನೂ ಜಿಪ್ ಮಾಡಿ ಒಂದೇ ಮೂಟೆ ಕಟ್ಟಬಹುದಲ್ಲ ಅಂತ ಕೇಳುವವರಿದ್ದಾರೆ. ಕಟ್ಟಬಹುದು. ಆದರೆ ಕಟ್ಟುವಾಗ ಹಳೇ ಫೋನಿನ ಅದೇ ಇಎಂಎಂಸಿ ಅದೇ 26,000 ಫೈಲನ್ನು ಓದಬೇಕು, ಜೊತೆಗೆ ಬರೆಯಲೂ ಬೇಕು. ಇನ್ನೂ 8 ಜಿಬಿ ಖಾಲಿ ಜಾಗ ಬೇಕು. ಹೊಸ ಫೋನಿನಲ್ಲಿ ಮತ್ತೆ ಬಿಚ್ಚಬೇಕು. ಹಳೇ ಫೋನು ತುಂಬಿ ತುಳುಕುತ್ತಿದ್ದರೆ ಇದರಿಂದ ಲಾಭವಿಲ್ಲ.

ಈಗ ಇನ್ನೊಂದು ಸನ್ನಿವೇಶ ನೋಡೋಣ. ಎರಡೂ ಫೋನಿಗೆ ಯುಎಸ್‌ಬಿ 3.2, ಕೇಬಲ್ ಕೂಡ ಅದೇ ದರ್ಜೆಯದು ಅಂದುಕೊಳ್ಳಿ. ಆಗ ಪೋರ್ಟ್ ಸೆಕೆಂಡಿಗೆ 300 ಎಂಬಿ ತಂದು ಸುರಿಯುತ್ತದೆ. ಸಿಕ್ಕಿಹಾಕಿಕೊಳ್ಳುವ ಜಾಗ ಪೋರ್ಟಿನಿಂದ ಹೊಸ ಫೋನಿನ ಸ್ಟೋರೇಜಿಗೆ ಬರಬಹುದು. ಓದುವುದಕ್ಕಿಂತ ಬರೆಯುವುದು ಸಾಮಾನ್ಯವಾಗಿ ನಿಧಾನ. ಅದಕ್ಕೇ ಫೋನುಗಳು ಒಂದು ಉಪಾಯ ಮಾಡುತ್ತವೆ. ಫ್ಲಾಶ್ ಮೆಮೊರಿಯ ಒಂದು ಕೋಶದಲ್ಲಿ ಮೂರು ಬಿಟ್ ತುಂಬಿದರೆ ಜಾಗ ಉಳಿಯುತ್ತದೆ, ಆದರೆ ಬರೆಯಲು ಹೊತ್ತು ಹಿಡಿಯುತ್ತದೆ. ಒಂದೇ ಬಿಟ್ ಬರೆದರೆ ಬೇಗ ಆಗುತ್ತದೆ, ಜಾಗ ಜಾಸ್ತಿ ಬೇಕು. ಕಿರಾಣಿ ಅಂಗಡಿಯವರು ಗಿರಾಕಿ ಮುಂದೆ ಕಚ್ಚಾ ಪುಸ್ತಕದಲ್ಲಿ ಬೇಗ ಬೇಗ ಗೀಚಿಕೊಂಡು, ರಾತ್ರಿ ಕೂತು ಪಕ್ಕಾ ಲೆಕ್ಕ ಬರೆಯುತ್ತಾರಲ್ಲ, ಫೋನೂ ಹಾಗೆಯೇ. ಬಂದದ್ದನ್ನು ಮೊದಲು ಒಂದೊಂದು ಬಿಟ್ಟಾಗಿ ಬರೆದುಕೊಳ್ಳುತ್ತದೆ, ಬಿಡುವಾದಾಗ ಮೂರು ಮೂರಾಗಿ ಒತ್ತಿ ಇಡುತ್ತದೆ.

ಕಚ್ಚಾ ಪುಸ್ತಕದ ಹಾಳೆ ಮುಗಿದರೆ ಏನಾಗುತ್ತದೆ? ಗಿರಾಕಿಯನ್ನು ನಿಲ್ಲಿಸಿಕೊಂಡೇ ಪಕ್ಕಾ ಲೆಕ್ಕ ಬರೆಯಬೇಕು. ದೊಡ್ಡ ಗಂಟು ಸಾಗಿಸುವಾಗ ಮೊದಲ ಕೆಲವು ಜಿಬಿ ಸರ್ರನೆ ಹೋಗಿ, ಆಮೇಲೆ ವೇಗ ತಟ್ಟನೆ ಬೀಳುವುದಕ್ಕೆ ಮುಖ್ಯ ಕಾರಣ ಇದು. ಹೊಸ ಫೋನಿನಲ್ಲಿ ಖಾಲಿ ಜಾಗ ಕಡಿಮೆ ಇದ್ದಷ್ಟೂ ಈ ಹಾಳೆಗಳೂ ಕಡಿಮೆ. 100 ಜಿಬಿ ಸಾಗಿಸಬೇಕಾದವರು 128 ಜಿಬಿಯ ಫೋನ್ ತಂದರೆ ಕೊನೆಯ ಭಾಗ ಏದುಸಿರು ಬಿಡುತ್ತದೆ. ಒಂದೇ ಮಾಡೆಲ್ಲಿನಲ್ಲೂ ಸ್ಟೋರೇಜಿನ ಬಗೆ ಬೇರೆಯಾಗಿರಬಹುದು. ಗ್ಯಾಲಕ್ಸಿ ಎಸ್23ರಲ್ಲಿ 128 ಜಿಬಿಯದಕ್ಕೆ ಯುಎಫ್‌ಎಸ್ 3.1, 256 ಜಿಬಿಯದಕ್ಕೆ ಯುಎಫ್‌ಎಸ್ 4.0 ಹಾಕಿದ್ದರು. ಕೊಳ್ಳುವಾಗ ಈ ಸಾಲನ್ನೂ ಓದಿ ಅನ್ನುತ್ತೇನೆ ನಾನು.

ವೇಗ ಬೀಳಲು ಇನ್ನೊಂದು ಕಾರಣ ಬಿಸಿ. ಕೈಗೆ ಸುಡುವಷ್ಟು ಬಿಸಿಯಾದರೆ ಫೋನು ತಾನಾಗಿಯೇ ನಿಧಾನವಾಗುತ್ತದೆ. ಕವರ್ ತೆಗೆದು, ಹಾಸಿಗೆ ಮೇಲಲ್ಲದೆ ನೆಲದ ಮೇಲೋ ಟೇಬಲ್ ಮೇಲೋ ಇಡಿ. ಬಿಸಿಯಿಂದ ಬಿದ್ದ ವೇಗ ತಣ್ಣಗಾದ ಮೇಲೆ ಮರಳುತ್ತದೆ. ತಣ್ಣಗಿದ್ದೂ ಬಿದ್ದರೆ ಅದು ಕಚ್ಚಾ ಪುಸ್ತಕದ ಸಮಸ್ಯೆ ಅಥವಾ ಚಿಕ್ಕ ಫೈಲ್‌ಗಳ ಸರದಿ ಬಂದಿದೆ ಅಂತ ಅರ್ಥ. 95 ಶೇಕಡಾ ಆಗಿ ನಿಂತುಹೋದ ಹಾಗೆ ಕಾಣುವುದು ಹೆಚ್ಚಾಗಿ ಇದರಿಂದಲೇ. ಶೇಕಡಾವಾರು ತೋರಿಸುವುದು ತೂಕ, ಬಾಕಿ ಇರುವುದು ಹೆಬ್ಬೆಟ್ಟು. ಗಾಬರಿಯಾಗಿ ಕೇಬಲ್ ಕೀಳಬೇಡಿ.

ನಿಮ್ಮ ಪೋರ್ಟ್, ಕೇಬಲ್ ಯಾವ ದರ್ಜೆಯದು ಅಂತ ಪರೀಕ್ಷಿಸುವುದು ಸುಲಭ. ಹತ್ತಿರ ಹತ್ತಿರ 1 ಜಿಬಿಯ ಒಂದೇ ಒಂದು ವಿಡಿಯೋ ಕಳಿಸಿ ನೋಡಿ. 25ರಿಂದ 35 ಸೆಕೆಂಡು ಆದರೆ ಎಲ್ಲೋ ಒಂದು ಕಡೆ 2.0 ಇದೆ. ಐದಾರು ಸೆಕೆಂಡಿನಲ್ಲಿ ಮುಗಿದರೆ 3.2 ಕೆಲಸ ಮಾಡುತ್ತಿದೆ. ಲಿನಕ್ಸ್ ಲ್ಯಾಪ್‌ಟಾಪ್ ಇದ್ದವರು ಅದರ ವೇಗದ ಪೋರ್ಟಿಗೆ ಫೋನ್ ಸಿಕ್ಕಿಸಿ ಇದನ್ನು ಟೈಪ್ ಮಾಡಿ:

```
lsusb -t
```

ಫೋನಿನ ಸಾಲಿನ ಕೊನೆಯಲ್ಲಿ `480M` ಅಂತ ಬಂದರೆ 2.0, `5000M` ಅಥವಾ `10000M` ಬಂದರೆ ಅದಕ್ಕಿಂತ ಮೇಲಿನದು. ಬೇರೆ ಕೇಬಲ್ ಹಾಕಿ ಮತ್ತೆ ನೋಡಿ. ಸಂಖ್ಯೆ ಬದಲಾದರೆ ತಪ್ಪು ಕೇಬಲ್ಲಿನದು.

ಎರಡೂ ಕಡೆ 2.0 ಪೋರ್ಟಿದ್ದು, ಎರಡಕ್ಕೂ 5 ಗಿಗಾಹರ್ಟ್ಸ್ ವೈಫೈ ಇದ್ದರೆ ಕೇಬಲ್ಲಿಗಾಗಿ ಮನೆಯೆಲ್ಲ ಹುಡುಕಬೇಕಾಗಿಲ್ಲ. ರೂಟರನ್ನು ಬಿಟ್ಟು ಫೋನಿಂದ ಫೋನಿಗೆ ನೇರವಾಗಿ ಕಳಿಸುವ ಕ್ವಿಕ್ ಶೇರ್‌ನಂಥ ದಾರಿಯಲ್ಲಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ, 30ರಿಂದ 50 ಎಂಬಿ ಸಿಗುತ್ತದೆ. ಕೇಬಲ್ಲಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಕೇಬಲ್ ಅಂದರೆ ಫಾಸ್ಟ್ ಅನ್ನುವ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಆ್ಯಪ್‌ಗಳ ಬಗ್ಗೆ ಒಂದು ಮಾತು. ಅವು ಸಾಮಾನ್ಯವಾಗಿ ಹಳೇ ಫೋನಿನಿಂದ ಬರುವುದೇ ಇಲ್ಲ, ಪ್ಲೇ ಸ್ಟೋರ್‌ನಿಂದ ಹೊಸದಾಗಿ ಇಳಿಯುತ್ತವೆ. 6 ಜಿಬಿ ಆ್ಯಪ್‌ಗಳಿಗೆ 40 ಮೆಗಾಬಿಟ್ ಇಂಟರ್ನೆಟ್‌ನಲ್ಲಿ 20 ನಿಮಿಷ. ಇದಕ್ಕೆ ಪೋರ್ಟೂ ಕೇಬಲ್ಲೂ ಏನೂ ಮಾಡಲಾರವು. ಫೈಲ್‌ಗಳು ಕೇಬಲ್ಲಿನಲ್ಲಿ ಬರುತ್ತಿರುವಾಗಲೇ ಇದನ್ನೂ ಶುರು ಮಾಡಿಬಿಡಿ. ವಾಟ್ಸಾಪ್ ಒಂದನ್ನು ಮಾತ್ರ ಅದರ ಫೋಲ್ಡರ್ ಪೂರ್ತಿ ಬಂದ ಮೇಲೆ ತೆರೆಯಿರಿ.

ಎಲ್ಲ ಸೇರಿ 50 ನಿಮಿಷದಲ್ಲಿ 42 ಜಿಬಿ ಮುಗಿಯಿತು. ಎರಡೂ ಫೋನಿನಲ್ಲಿ ಒಂದೊಂದೇ ಫೋಲ್ಡರ್ ತೆರೆದು ಫೈಲ್‌ಗಳ ಸಂಖ್ಯೆ ತಾಳೆ ನೋಡಿದೆ. ತೂಕ ಸರಿಹೋದರೆ ಸಾಲದು, ಸಂಖ್ಯೆಯೂ ಸರಿಹೋಗಬೇಕು. 30 ಸ್ಟಿಕ್ಕರ್ ಬಿಟ್ಟುಹೋದರೆ ತೂಕದಲ್ಲಿ ಗೊತ್ತೇ ಆಗುವುದಿಲ್ಲ. ಧ್ವನಿ ಸಂದೇಶದ ಫೋಲ್ಡರಿನಲ್ಲಿ ನಾಲ್ಕು ಕಡಿಮೆ ಇದ್ದವು. ಮತ್ತೆ ಕೇಬಲ್ ಹಾಕಿ ಆ ಫೋಲ್ಡರನ್ನು ಇನ್ನೊಮ್ಮೆ ತಂದೆ. ಈ ಸಲ ಸರಿಹೋಯಿತು.

ಆಮೇಲೆ ವಾಟ್ಸಾಪ್ ತೆರೆದು, ಅದೇ ನಂಬರ್ ಹಾಕಿ, ಫೋನಿನಲ್ಲೇ ಇದ್ದ ಬ್ಯಾಕಪ್‌ನಿಂದ ಮಾತುಕತೆಗಳನ್ನು ವಾಪಸ್ ತಂದೆ. ಅತ್ತಿಗೆ ಅವರ ತಂದೆಯ ಹೆಸರು ಹುಡುಕಿ ಒಂದು ಸಂದೇಶ ಒತ್ತಿದರು. 20 ಸೆಕೆಂಡಿನದು, 50 ಕೆಬಿಯೂ ಇರಲಿಲ್ಲ. "ಮಗಾ, ಊಟ ಆಯ್ತಾ? ಮಳೆ ಜೋರಿದೆ ಇಲ್ಲಿ..." ಅಂತ ಶುರುವಾಯಿತು. ಹಳೇ ಫೋನನ್ನು ಇನ್ನೊಂದು ತಿಂಗಳು ಹಾಗೇ ಇಡಿ, ಅಳಿಸಬೇಡಿ ಅಂತ ಹೇಳಿ ನಾನು ಕೈ ತೊಳೆಯಲು ಎದ್ದೆ.